ಅಂಚಿನಾಚೆ ಏನಿತ್ತು?

ಮದುವೆ ಆಲ್ಬಂ ಮಾಡುವ ಸ್ಟುಡಿಯೊಗಳಿಗೆ ದಿನವೂ ಎದುರಾಗುವ ತಾಪತ್ರಯವೊಂದಿದೆ. ಈಗ ಹೆಚ್ಚು ಬಳಕೆಯಲ್ಲಿರುವ ಆಲ್ಬಂ ಒಂದನ್ನು ಬಿಡಿಸಿಟ್ಟರೆ ಹಾಳೆಯ ಎತ್ತರ 12 ಇಂಚು, ಅಗಲ 36 ಇಂಚು. ಮನೆಯವರು ‘ಇದೊಂದನ್ನು ದೊಡ್ಡದಾಗಿ ಹಾಕಿಕೊಡಿ’ ಎಂದು ವಾಟ್ಸ್ಆ್ಯಪ್‌ನಲ್ಲಿ ಕಳಿಸುವ ಫೋಟೊ ಮಾತ್ರ ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದದ್ದು. ಅದಕ್ಕೆ ಎತ್ತರವಿದೆ, ಅಗಲವಿಲ್ಲ. ಅಗಲಕ್ಕೆ ಹೊಂದಿಸಲು ಹೋದರೆ ತಲೆಯೋ ಕಾಲೋ ಕತ್ತರಿಸಿ ಹೋಗುತ್ತದೆ. ಎತ್ತರಕ್ಕೆ ಹೊಂದಿಸಿದರೆ ಎರಡೂ ಬದಿಗೆ ಮಾರುದ್ದ ಜಾಗ ಖಾಲಿ ಬೀಳುತ್ತದೆ. ಆ ಖಾಲಿ ಜಾಗಕ್ಕೆ ಅದೇ ಚಿತ್ರವನ್ನು ಮಸುಕು ಮಾಡಿ ಹರಡುವುದು, ಬಣ್ಣ ಬಳಿಯುವುದು, ಹೂವಿನ ಡಿಸೈನ್ ಹಾಕುವುದು ಇದುವರೆಗೆ ನಡೆದುಬಂದ ದಾರಿ.

ಈಗ ಇನ್ನೊಂದು ದಾರಿ ಬಂದಿದೆ. ಫೋಟೊದ ಅಂಚನ್ನು ಹಿಡಿದು ಎಳೆದರೆ ಸಾಕು, ಕ್ಯಾಮೆರಾ ನೋಡದೇ ಇದ್ದ ಭಾಗವನ್ನು ಕಂಪ್ಯೂಟರು ತಾನೇ ಹುಟ್ಟಿಸಿಕೊಡುತ್ತದೆ. ಗೋಡೆ ಮುಂದುವರಿಯುತ್ತದೆ, ನೆಲ ಮುಂದುವರಿಯುತ್ತದೆ, ಅರ್ಧ ಕಂಡಿದ್ದ ಕಿಟಕಿ ಪೂರ್ತಿಯಾಗುತ್ತದೆ. ಓಪನ್ ಎಐ ಕಂಪನಿ 2022ರ ಆಗಸ್ಟ್ ಕೊನೆಯಲ್ಲಿ ತನ್ನ ಡಾಲ್-ಇ ತಂತ್ರಾಂಶಕ್ಕೆ ಈ ಸೌಲಭ್ಯ ಸೇರಿಸಿತು. ಅದರ ಪ್ರಚಾರಕ್ಕೆ ತೋರಿಸಿದ್ದು ವರ್ಮೀರನ ‘ಮುತ್ತಿನ ಓಲೆಯ ಹುಡುಗಿ’ ಚಿತ್ರವನ್ನು. ಬರೀ ಕಪ್ಪು ಹಿನ್ನೆಲೆಯಿದ್ದ ಆ ಹುಡುಗಿಯ ಸುತ್ತ ಒಂದು ಇಡೀ ಕೋಣೆ ಹುಟ್ಟಿಕೊಂಡಿತ್ತು. 2023ರಲ್ಲಿ ಅಡೋಬಿ ಕಂಪನಿ ಇದನ್ನು ಫೋಟೊಶಾಪ್‌ನೊಳಗೇ ತಂದಿತು. ಮರುವರ್ಷದ ಹೊತ್ತಿಗೆ ಕೆಲವು ಮೊಬೈಲುಗಳ ಗ್ಯಾಲರಿಯಲ್ಲೇ ಬಂತು. ಸೊಟ್ಟಗಿರುವ ಫೋಟೊವನ್ನು ನೆಟ್ಟಗೆ ತಿರುಗಿಸಿದಾಗ ಮೂಲೆಗಳಲ್ಲಿ ಬೀಳುವ ಖಾಲಿ ತ್ರಿಕೋನಗಳನ್ನು ಆ ಮೊಬೈಲುಗಳು ತುಂಬಿಕೊಡುತ್ತವೆ.

ಚಿತ್ರದ ಆಕಾರ ಒಂದು, ಪುಟದ ಆಕಾರ ಇನ್ನೊಂದು ಎಂಬ ಸಮಸ್ಯೆ ಹೊಸದೇನಲ್ಲ. ‘ನ್ಯಾಷನಲ್ ಜಿಯಾಗ್ರಫಿಕ್’ ಪತ್ರಿಕೆ 1982ರ ಫೆಬ್ರವರಿ ಸಂಚಿಕೆಗೆ ಈಜಿಪ್ಟಿನ ಗೀಜಾ ಪಿರಮಿಡ್ಡುಗಳ ಅಡ್ಡಫೋಟೊ ಒಂದನ್ನು ಆರಿಸಿಕೊಂಡಿತ್ತು. ಮುಖಪುಟ ಉದ್ದ, ಫೋಟೊ ಅಗಲ. ಅಂದಿನ ಕಂಪ್ಯೂಟರಿನಲ್ಲಿ ಪಿರಮಿಡ್ಡುಗಳನ್ನೇ ಹತ್ತಿರಕ್ಕೆ ಸರಿಸಿ ಪತ್ರಿಕೆ ಕೆಲಸ ಮುಗಿಸಿತು. ಸುದ್ದಿಚಿತ್ರಗಳ ನೀತಿಯ ಬಗ್ಗೆ ಮಾತಾಡುವವರು ಇವತ್ತಿಗೂ ಆ ಮುಖಪುಟವನ್ನು ಎತ್ತಿ ತೋರಿಸುತ್ತಾರೆ. ಆದರೆ ಅಲ್ಲಿ ಸರಿಸಿದ್ದು ಇದ್ದ ಪಿರಮಿಡ್ಡುಗಳನ್ನು. ಇಂದಿನ ತಂತ್ರ ಇಲ್ಲದ್ದನ್ನು ತಂದಿಡುತ್ತದೆ.

ತರುವುದು ಎಲ್ಲಿಂದ? 2010ರ ಸುಮಾರಿಗೆ ಫೋಟೊಶಾಪ್‌ನಲ್ಲಿ ಖಾಲಿ ಜಾಗ ತುಂಬುವ ಒಂದು ಸಲಕರಣೆ ಬಂದಿತ್ತು. ಅದು ಅದೇ ಫೋಟೊದ ಬೇರೆ ಭಾಗಗಳಿಂದ ಚೂರುಗಳನ್ನು ಎತ್ತಿ ತಂದು ತೇಪೆ ಹಾಕುತ್ತಿತ್ತು. ಹುಲ್ಲು, ಮರಳು, ಆಕಾಶಕ್ಕೆ ಅದು ಸಾಕಾಗುತ್ತಿತ್ತು. ಅರ್ಧ ಕಾಣುವ ಕಿಟಕಿಯನ್ನು ಪೂರ್ತಿ ಮಾಡುವುದು ಅದರಿಂದ ಆಗುತ್ತಿರಲಿಲ್ಲ, ಏಕೆಂದರೆ ಉಳಿದ ಅರ್ಧ ಆ ಫೋಟೊದಲ್ಲಿ ಎಲ್ಲೂ ಇಲ್ಲ.

ಈಗಿನ ತಂತ್ರಾಂಶ ಕೆಲಸ ಮಾಡುವ ಬಗೆಯೇ ಬೇರೆ. ಅದನ್ನು ತಯಾರಿಸುವಾಗ ಕೋಟಿಗಟ್ಟಲೆ ಚಿತ್ರಗಳನ್ನು ತೋರಿಸಿರುತ್ತಾರೆ. ಪ್ರತಿ ಚಿತ್ರದ ಮೇಲೂ ಸ್ವಲ್ಪಸ್ವಲ್ಪವಾಗಿ ಚುಕ್ಕಿಗಳ ಗದ್ದಲ ಎರಚಿ, ಕೊನೆಗೆ ಏನೂ ಕಾಣದಂತೆ ಮಾಡಿ, ‘ಈ ಗದ್ದಲವನ್ನು ತೆಗೆದು ಚಿತ್ರವನ್ನು ಮರಳಿ ತಾ’ ಎಂದು ಪಳಗಿಸುತ್ತಾರೆ. ಹಾಗೆ ಪಳಗಿದ ಮೇಲೆ ನಾವು ಫೋಟೊದ ಬಲಕ್ಕೆ ಖಾಲಿ ಜಾಗ ಕೊಟ್ಟರೆ, ಅದು ಆ ಜಾಗವನ್ನು ಮೊದಲು ಬರೀ ಗದ್ದಲದಿಂದ ತುಂಬುತ್ತದೆ. ಆಮೇಲೆ ಹಂತಹಂತವಾಗಿ ಗದ್ದಲ ಕಳೆಯುತ್ತ ಹೋಗುತ್ತದೆ. ಪ್ರತಿ ಹಂತದಲ್ಲೂ ಪಕ್ಕದ ನಿಜವಾದ ಫೋಟೊ ಅದರ ಕಣ್ಣಮುಂದೆ ಇರುತ್ತದೆ. ಅದನ್ನು ಬದಲಿಸುವಂತಿಲ್ಲ, ಅದಕ್ಕೆ ಹೊಂದುವಂತೆ ಹೊಸ ಭಾಗವನ್ನು ಮೂಡಿಸಬೇಕು. ಮೊದಲ ಹಂತಗಳಲ್ಲಿ ಬೆಳಕು ಎತ್ತ, ನೆರಳು ಎತ್ತ, ನೆಲ ಎಲ್ಲಿ ಮುಗಿದು ಗೋಡೆ ಎಲ್ಲಿ ಶುರು ಎಂಬ ದೊಡ್ಡ ರೂಪ ತೀರ್ಮಾನವಾಗುತ್ತದೆ. ಕೊನೆಯ ಹಂತಗಳಲ್ಲಿ ಸುಣ್ಣದ ಬಿರುಕು, ಮರದ ಗೆರೆ, ಬಟ್ಟೆಯ ನೇಯ್ಗೆಯಂಥ ಸೂಕ್ಷ್ಮಗಳು ಬರುತ್ತವೆ.

ಇಲ್ಲಿ ಒಂದು ಮಾತನ್ನು ಮರೆಯಬಾರದು. ಆ ತಂತ್ರಾಂಶಕ್ಕೆ ನಿಮ್ಮ ಮನೆ ಗೊತ್ತಿಲ್ಲ. ಇಂಥ ಗೋಡೆಯ ಪಕ್ಕದಲ್ಲಿ ಸಾಮಾನ್ಯವಾಗಿ ಏನಿರುತ್ತದೆ ಎಂಬುದಷ್ಟೇ ಅದಕ್ಕೆ ಗೊತ್ತು. ಅದು ಕೊಡುವ ಉತ್ತರ ಯಾವಾಗಲೂ ‘ಇರಬಹುದಾದದ್ದು’. ಅಲ್ಲಿ ನಿಜವಾಗಿ ಇದ್ದದ್ದು ಏನು ಎಂಬುದನ್ನು ಹೇಳುವ ದಾರಿಯೇ ಅದಕ್ಕಿಲ್ಲ. ಅದಕ್ಕೇ ಒಂದು ಸಲ ಕೇಳಿದರೆ ಫೋಟೊಶಾಪ್ ಮೂರು ಬೇರೆಬೇರೆ ಮಾದರಿಗಳನ್ನು ಮುಂದಿಡುತ್ತದೆ. ಮತ್ತೆ ಕೇಳಿದರೆ ಇನ್ನೂ ಮೂರು.

ಒಂದು ಉದಾಹರಣೆ ಹಿಡಿದು ನೋಡೋಣ. ಹಳ್ಳಿಯ ಮನೆಯ ಜಗಲಿ. ಅಜ್ಜಿ ಇಳಕಲ್ ಸೀರೆ ಉಟ್ಟು, ಮರದ ಕಂಬಕ್ಕೆ ಒರಗಿ, ಬಲಗಡೆಗೆ ನೋಡುತ್ತ ಕೂತಿದ್ದಾರೆ. ಮೊಮ್ಮಗ ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದಿದ್ದಾನೆ. ಅಗಲ 3000 ಪಿಕ್ಸೆಲ್, ಎತ್ತರ 4000. ಅಜ್ಜಿಯ ನೋಟ ಹೋಗುವ ದಿಕ್ಕಿನಲ್ಲಿ ಜಾಗವೇ ಇಲ್ಲ; ಮೂಗಿನ ಮುಂದೆಯೇ ಫೋಟೊ ಮುಗಿದಿದೆ. ಎಡಗಡೆ ಸೆರಗಿನ ತುದಿ ಅಂಚಿಗೆ ತಾಗಿ ಕತ್ತರಿಸಿದೆ. ಅದರ ಮೇಲುಗಡೆ, ಪಕ್ಕದಲ್ಲಿ ನಿಂತಿದ್ದ ಯಾರದೋ ತೋಳಿನ ಒಂದು ಚೂರು ಇಣುಕಿದೆ.

ಇದನ್ನು ಆಲ್ಬಮ್ಮಿನ ಇಡೀ ಹಾಳೆಗೆ ಹರಡಬೇಕೆಂದರೆ ಲೆಕ್ಕ ಹೀಗಾಗುತ್ತದೆ. ಮುದ್ರಣಕ್ಕೆ ಇಂಚಿಗೆ 300 ಚುಕ್ಕಿ ಹಿಡಿದರೆ ಹಾಳೆ 10,800 ಪಿಕ್ಸೆಲ್ ಅಗಲ, 3,600 ಪಿಕ್ಸೆಲ್ ಎತ್ತರ. ಫೋಟೊವನ್ನು ಎತ್ತರಕ್ಕೆ ಹೊಂದಿಸಿದರೆ ಅದರ ಅಗಲ 2,700 ಪಿಕ್ಸೆಲ್, ಅಂದರೆ 9 ಇಂಚು. ಉಳಿದ 27 ಇಂಚು ಯಂತ್ರದ್ದು. ಆ ಹಾಳೆಯ ಕಾಲುಭಾಗ ಮಾತ್ರ ಅಜ್ಜಿಯ ಜಗಲಿ. ಮುಕ್ಕಾಲು ಭಾಗ ಯಾರದೂ ಅಲ್ಲದ ಜಗಲಿ. ಎಳೆದರೆ ಬರುತ್ತದೆ, ಇಲ್ಲವೆನ್ನುವಂತಿಲ್ಲ. ಆದರೆ ಮೂಲದಿಂದ ದೂರ ಹೋದಷ್ಟೂ ಯಂತ್ರಕ್ಕೆ ಹಿಡಿಯಲು ಆಸರೆ ಕಡಿಮೆ. ಮೊದಲ ಎರಡು ಇಂಚಿನಲ್ಲಿ ಕಂಬ, ಕಟ್ಟೆ, ಕೆಂಪು ನೆಲ ಹೊಂದಿಕೊಂಡೇ ಇರುತ್ತವೆ. ಹತ್ತು ಇಂಚು ದಾಟುವ ಹೊತ್ತಿಗೆ ಯಾವುದೋ ಹೋಟೆಲಿನ ವರಾಂಡದಂಥ ಸಾಲುಕಂಬಗಳು, ನಮ್ಮ ಊರಲ್ಲಿ ಬೆಳೆಯದ ಕುಂಡದ ಗಿಡಗಳು ಕಾಣಿಸಿಕೊಳ್ಳಬಹುದು.

ಹಾಗಾಗಿ ಬಲ್ಲವರು ಇಡೀ ಹಾಳೆಯ ಆಸೆ ಬಿಟ್ಟು ಬೇಕಾದಷ್ಟನ್ನೇ ಕೇಳುತ್ತಾರೆ. ಈ ಫೋಟೊಗೆ ನಿಜವಾಗಿ ಬೇಕಿರುವುದು ಅಜ್ಜಿಯ ನೋಟದ ಮುಂದೆ ಮೂರು ಇಂಚು. 9 ಇಂಚಿನ ಫೋಟೊಗೆ ಬಲಕ್ಕೆ 3 ಇಂಚು ಸೇರಿದರೆ 12ಕ್ಕೆ 12ರ ಚೌಕವಾಗುತ್ತದೆ. ಹಾಳೆಯ ಉಳಿದೆರಡು ಪಾಲಿಗೆ ಬೇರೆ ಫೋಟೊಗಳನ್ನು ಕೂರಿಸಬಹುದು. ಹೊಸದಾಗಿ ಸೇರಿದ್ದು ಚೌಕದ ಕಾಲುಭಾಗ ಮಾತ್ರ, ಅದೂ ಬರೀ ಗೋಡೆ ಮತ್ತು ನೆಲ.

ಎಳೆಯುವ ಮೊದಲು ಅಂಚುಗಳನ್ನು ನೋಡಬೇಕು. ಈ ಹೆಜ್ಜೆಯನ್ನೇ ಬಹಳ ಜನ ಬಿಟ್ಟುಬಿಡುತ್ತಾರೆ. ಅಂಚಿನಲ್ಲಿ ಅರ್ಧಕ್ಕೆ ಕತ್ತರಿಸಿದ ವಸ್ತು ಏನಿದ್ದರೂ ಯಂತ್ರ ಅದನ್ನು ಪೂರ್ತಿ ಮಾಡಲೇಬೇಕು, ಅದರ ಕೆಲಸವೇ ಅದು. ಎಡಗಡೆಯನ್ನು ಎಳೆದರೆ, ಇಣುಕಿರುವ ತೋಳಿನ ಚೂರಿಗೆ ಒಂದು ಭುಜ, ಭುಜಕ್ಕೊಂದು ಮುಖ, ಮುಖಕ್ಕೊಂದು ನಗು ಬರುತ್ತದೆ. ಆ ಮನುಷ್ಯ ಯಾರೂ ಅಲ್ಲ. ಇಪ್ಪತ್ತು ವರ್ಷದ ಮೇಲೆ ಆಲ್ಬಂ ತೆರೆದ ಮಕ್ಕಳು ‘ಅಜ್ಜಿ ಪಕ್ಕದಲ್ಲಿ ನಿಂತವರು ಯಾರು’ ಎಂದು ಕೇಳಿದರೆ ಯಾರ ಬಳಿಯೂ ಉತ್ತರವಿರುವುದಿಲ್ಲ. ಆದ್ದರಿಂದ ಎಡಗಡೆಯನ್ನು ಎಳೆಯಲೇಬೇಕಾದ ಸಂದರ್ಭ ಬಂದರೆ, ಆ ತೋಳಿನ ಚೂರು ಹೋಗುವಷ್ಟು ಮೊದಲು ಒಳಕ್ಕೆ ಕತ್ತರಿಸಿ, ಬರೀ ಗೋಡೆ ಅಂಚಿಗೆ ಬಂದ ಮೇಲೆ ಹೊರಕ್ಕೆ ಎಳೆಯಬೇಕು. ಸೆರಗಿನ ಕಥೆಯೂ ಇಷ್ಟೇ. ಇಳಕಲ್ ಸೀರೆಯ ಸೆರಗಿನ ವಿನ್ಯಾಸ ನೋಡಿದವರಿಗೆ ಗುರುತು ಸಿಗುವಂಥದ್ದು. ಯಂತ್ರ ಅದನ್ನು ನಾಲ್ಕು ಬೆರಳು ಮುಂದುವರಿಸುವಷ್ಟರಲ್ಲಿ ಗೆರೆಗಳ ಎಣಿಕೆ ತಪ್ಪಿಸಿ, ಬೇರೆ ಯಾವುದೋ ರೇಷ್ಮೆಯ ಜರಿಗೆ ಜಾರಿಕೊಳ್ಳಬಹುದು. ದೂರದಿಂದ ಯಾರಿಗೂ ತಿಳಿಯದು. ಸೀರೆ ಉಟ್ಟ ಅಜ್ಜಿಗೆ ತಕ್ಷಣ ತಿಳಿಯುತ್ತದೆ.

ಫೋಟೊಶಾಪ್‌ನಲ್ಲಿ ಮಾಡುವ ಕ್ರಮ ಕಷ್ಟದ್ದಲ್ಲ. ಕ್ರಾಪ್ ಸಲಕರಣೆ ತೆಗೆದುಕೊಂಡು ಬಲಗಡೆಯ ಹಿಡಿಯನ್ನು ಹೊರಕ್ಕೆ ಎಳೆಯಬೇಕು. ಮೇಲಿನ ಪಟ್ಟಿಯಲ್ಲಿ ಖಾಲಿ ಜಾಗವನ್ನು ಯಾವುದರಿಂದ ತುಂಬಬೇಕೆಂದು ಕೇಳುವ ಕಡೆ Generative Expand ಆರಿಸಿ, Generate ಒತ್ತಬೇಕು. ಏನು ಬೇಕೆಂದು ಬರೆಯಲು ಒಂದು ಜಾಗವೂ ಇರುತ್ತದೆ. ಹಿನ್ನೆಲೆ ಮುಂದುವರಿದರೆ ಸಾಕು ಎಂದಾಗ ಅದನ್ನು ಖಾಲಿ ಬಿಡುವುದೇ ಮೇಲು. ಬರೆದರೆ ಬರೆದ ವಸ್ತುವನ್ನು ತಂದಿಡಲು ಹೋಗಿ ಪಕ್ಕದ ಚಿತ್ರದ ಕಡೆ ಗಮನ ಕಡಿಮೆಯಾಗುತ್ತದೆ. ಹೊಸ ಭಾಗ ಬೇರೆಯೇ ಪದರದಲ್ಲಿ ಬರುವುದರಿಂದ ಕೆಳಗಿನ ಮೂಲ ಫೋಟೊಗೆ ಏನೂ ಆಗುವುದಿಲ್ಲ. ಒಂದು ವಿಷಯ ನೆನಪಿರಲಿ, ಈ ಕೆಲಸ ನಿಮ್ಮ ಕಂಪ್ಯೂಟರಿನಲ್ಲಿ ನಡೆಯುವುದಿಲ್ಲ. ಫೋಟೊ ಇಂಟರ್‌ನೆಟ್ ಮೂಲಕ ಕಂಪನಿಯ ಸರ್ವರಿಗೆ ಹೋಗಿ, ಅಲ್ಲಿ ತಯಾರಾಗಿ ಬರುತ್ತದೆ. ಮನೆಯವರ ಖಾಸಗಿ ಫೋಟೊಗಳ ವಿಷಯದಲ್ಲಿ ಸ್ಟುಡಿಯೊದವರು ಇದನ್ನು ಮೊದಲೇ ಹೇಳಿ ಒಪ್ಪಿಗೆ ಪಡೆಯುವುದು ನ್ಯಾಯ.

ಪರದೆಯ ಮೇಲೆ ಚೆನ್ನಾಗಿ ಕಂಡದ್ದು ಮುದ್ರಣದಲ್ಲಿ ಕೈಕೊಡುವುದಕ್ಕೆ ಒಂದು ಖಚಿತ ಕಾರಣವಿದೆ. ಇಂಥ ತಂತ್ರಾಂಶ ಒಂದು ಸಲಕ್ಕೆ ಹುಟ್ಟಿಸುವ ಚಿತ್ರಕ್ಕೆ ಅಳತೆಯ ಮಿತಿಯಿದೆ. ಫೋಟೊಶಾಪ್‌ನಲ್ಲಿ ಇದು ಮೊದಲು ಬಂದಾಗ ಆ ಮಿತಿ ಉದ್ದದ ಬದಿಗೆ 1024 ಪಿಕ್ಸೆಲ್ ಇತ್ತು. ಆಮೇಲಿನ ಆವೃತ್ತಿಗಳಲ್ಲಿ ಸುಧಾರಿಸಿದರೂ ಮಿತಿ ಎಂಬುದು ಇದ್ದೇ ಇದೆ. ಅಜ್ಜಿಯ ಫೋಟೊದ ಬಲಪಟ್ಟಿಯ ಎತ್ತರ 3,600 ಪಿಕ್ಸೆಲ್. 1024ರಲ್ಲಿ ಹುಟ್ಟಿದ್ದನ್ನು ಅಷ್ಟೆತ್ತರಕ್ಕೆ ಹಿಗ್ಗಿಸಬೇಕೆಂದರೆ ಮೂರೂವರೆ ಪಟ್ಟು ಎಳೆದಂತಾಯಿತು. ಎಡಗಡೆ ಗೋಡೆಯ ಪ್ರತಿ ಬಿರುಕೂ ಚೂಪಾಗಿ ಕಾಣುವಾಗ ಬಲಗಡೆ ಗೋಡೆ ಎಣ್ಣೆ ಸವರಿದಂತೆ ನುಣ್ಣಗಿರುತ್ತದೆ. ಇದಕ್ಕೆ ಕಸುಬಿನವರು ಕಂಡುಕೊಂಡ ಉಪಾಯವೆಂದರೆ, ಇಡೀ ಪಟ್ಟಿಯನ್ನು ಒಟ್ಟಿಗೆ ತುಂಬದೆ, ಮೇಲಿನಿಂದ ಕೆಳಕ್ಕೆ ತುಂಡುತುಂಡಾಗಿ ಆಯ್ದು ತುಂಬುವುದು. ಪ್ರತಿ ತುಂಡೂ ಮಿತಿಯೊಳಗೇ ಇರಬೇಕು, ಮೂಲ ಫೋಟೊದ ಮೇಲೂ ಹಿಂದಿನ ತುಂಡಿನ ಮೇಲೂ ಒಂದಿಷ್ಟು ಹತ್ತಿಕೊಂಡಿರಬೇಕು. ಹಾಗೆ ಹತ್ತಿಕೊಳ್ಳದಿದ್ದರೆ ಯಂತ್ರಕ್ಕೆ ಪಕ್ಕದಲ್ಲಿ ಏನಿದೆ ಎಂಬ ಸುಳಿವು ಸಾಲದೆ, ಬೆಸುಗೆಯ ಗೆರೆ ಎದ್ದು ಕಾಣುತ್ತದೆ. ಕೊನೆಗೆ ಮೊಬೈಲ್ ಫೋಟೊಗೆ ಸಹಜವಾದ ಸಣ್ಣ ಚುಕ್ಕಿಗಳ ತರಿಯನ್ನು ಹೊಸ ಭಾಗದ ಮೇಲೂ ಉದುರಿಸಬೇಕು.

ಹೀಗೆ ಸೇರಿಸಿದ ಭಾಗವನ್ನು ಬರಿಗಣ್ಣಿನಿಂದ ಗುರುತಿಸಬಹುದೇ? ಚೆನ್ನಾಗಿ ಮಾಡಿದ್ದರೆ ಕಷ್ಟ. ಆದರೂ ಎಲ್ಲಿ ನೋಡಬೇಕು ಎಂದು ಗೊತ್ತಿದ್ದರೆ ಬಹುಪಾಲು ಸಿಕ್ಕಿಬೀಳುತ್ತದೆ. ಮೊದಲು ಉದ್ದ ಗೆರೆಗಳನ್ನು ಹಿಂಬಾಲಿಸಿ. ಕಟ್ಟೆಯ ಅಂಚು, ಗೋಡೆಗೂ ನೆಲಕ್ಕೂ ನಡುವಿನ ಗೆರೆ, ಸೂರಿನ ರೀಪರುಗಳು ಮೂಲ ಅಂಚಿದ್ದ ಜಾಗದಲ್ಲಿ ಕೂದಲೆಳೆಯಷ್ಟು ಬಾಗಿರುತ್ತವೆ, ಇಲ್ಲವೇ ದಪ್ಪ ಬದಲಾಗಿರುತ್ತದೆ. ಆಮೇಲೆ ನೆರಳು. ಎರಡನೆಯ ಕಂಬ ಬಂದಿರುತ್ತದೆ, ಆದರೆ ಮೊದಲ ಕಂಬದ ನೆರಳು ಬಿದ್ದ ದಿಕ್ಕಿಗೆ ಅದರ ನೆರಳು ಬಿದ್ದಿರುವುದಿಲ್ಲ, ಅಥವಾ ನೆರಳೇ ಇರುವುದಿಲ್ಲ. ಗೋಡೆಯ ಮೇಲೆ ಕ್ಯಾಲೆಂಡರ್ ಬಂದಿದ್ದರೆ ಅದರ ಅಕ್ಷರ ಓದಲು ನೋಡಿ. ಕನ್ನಡದಂತೆ ಕಂಡರೂ ಯಾವ ಅಕ್ಷರವೂ ಆಗಿರದ ಸುರುಳಿಗಳು ಸಿಗುತ್ತವೆ.

ಗೋಡೆ ನೆಲಗಳ ಮಟ್ಟಿಗೆ ಇವೆಲ್ಲ ಅಂದಚಂದದ ಪ್ರಶ್ನೆ. ಅಂಚು ಮನುಷ್ಯನ ಮೈಯನ್ನು ಕತ್ತರಿಸಿದ್ದಾಗ ಪ್ರಶ್ನೆಯೇ ಬದಲಾಗುತ್ತದೆ. 2024ರ ಜನವರಿಯಲ್ಲಿ ಆಸ್ಟ್ರೇಲಿಯದ ನೈನ್ ನ್ಯೂಸ್ ವಾಹಿನಿ ಬಾತುಕೋಳಿ ಬೇಟೆಯ ಕುರಿತ ಸುದ್ದಿಯೊಂದಕ್ಕೆ ವಿಕ್ಟೋರಿಯ ರಾಜ್ಯದ ಶಾಸಕಿ ಜಾರ್ಜಿ ಪರ್ಸೆಲ್ ಅವರ ಫೋಟೊ ಬಳಸಿತು. ಮೂಲದಲ್ಲಿ ಅವರು ಮೈತುಂಬ ಉಡುಪು ತೊಟ್ಟಿದ್ದರು. ಟಿ.ವಿ.ಯಲ್ಲಿ ಬಂದ ಚಿತ್ರದಲ್ಲಿ ಉಡುಪು ಎರಡು ತುಂಡಾಗಿ ಹೊಟ್ಟೆ ಬರಿದಾಗಿ ಕಾಣುತ್ತಿತ್ತು, ಎದೆಯ ಗಾತ್ರವೂ ಹೆಚ್ಚಿತ್ತು. ಪರ್ಸೆಲ್ ಎರಡೂ ಚಿತ್ರಗಳನ್ನು ಅಕ್ಕಪಕ್ಕ ಇಟ್ಟು ಜನರ ಮುಂದಿಟ್ಟರು. ವಾಹಿನಿ ಕ್ಷಮೆ ಕೇಳಿತು. ಅಳತೆಗೆ ಹೊಂದಿಸುವಾಗ ಫೋಟೊಶಾಪ್ ತಾನಾಗಿಯೇ ಹೀಗೆ ಮಾಡಿತು ಎಂಬ ವಿವರಣೆ ಕೊಟ್ಟಿತು. ಮನುಷ್ಯರ ಕೈ ಮತ್ತು ಒಪ್ಪಿಗೆ ಇಲ್ಲದೆ ಇಂಥ ಬದಲಾವಣೆ ಆಗದು ಎಂದು ಅಡೋಬಿ ಉತ್ತರಿಸಿತು.

ಅಡೋಬಿಯ ಉತ್ತರ ಸರಿಯಾದದ್ದೇ. ಮೂರು ಮಾದರಿಗಳು ಮುಂದೆ ಬಂದಾಗ ಒಂದನ್ನು ಆರಿಸಿ ಉಳಿಸುವವನು ಮನುಷ್ಯನೇ. ಆದರೆ ಆ ಮಾದರಿ ಬಂದದ್ದಾದರೂ ಏಕೆ ಎಂಬುದನ್ನು ಬಿಟ್ಟುಬಿಡಬಾರದು. ಎದೆಯವರೆಗೆ ಕಾಣುವ ಹೆಣ್ಣಿನ ಫೋಟೊ ಕೊಟ್ಟು ಕೆಳಗಿನದ್ದನ್ನು ತುಂಬು ಎಂದರೆ, ಯಂತ್ರ ತಾನು ಕಂಡ ಕೋಟಿಗಟ್ಟಲೆ ಚಿತ್ರಗಳಲ್ಲಿ ಹೆಣ್ಣನ್ನು ಹೇಗೆ ತೋರಿಸಲಾಗಿತ್ತೋ ಹಾಗೆ ತುಂಬುತ್ತದೆ. ಇಂಟರ್‌ನೆಟ್ಟಿನ ಚಿತ್ರಗಳು ಹೆಣ್ಣುಮಕ್ಕಳನ್ನು ಹೇಗೆ ತೋರಿಸುತ್ತವೆ ಎಂಬುದನ್ನು ವಿವರಿಸಬೇಕಾಗಿಲ್ಲ. ‘ಇರಬಹುದಾದದ್ದು’ ಎಂಬ ಮಾತು ಗೋಡೆಗೆ ನಿರಪಾಯಕಾರಿ, ಒಬ್ಬ ವ್ಯಕ್ತಿಯ ಮೈಗೆ ಅನ್ವಯಿಸಿದರೆ ಅವಮಾನ. ಹೀಗಾಗಿ ಈ ಸಲಕರಣೆ ಬಳಸುವ ಯಾರಿಗಾದರೂ ನಾನು ಹೇಳುವ ನಿಯಮ ಒಂದೇ: ವ್ಯಕ್ತಿಯ ಪಕ್ಕಕ್ಕೆ, ಮೇಲಕ್ಕೆ ಜಾಗ ಬೆಳೆಸಿ, ವ್ಯಕ್ತಿಯನ್ನು ಬೆಳೆಸಬೇಡಿ. ಕತ್ತರಿಸಿದ ಕೈ ಕತ್ತರಿಸಿದಂತೆಯೇ ಇರಲಿ.

ಅಂಚಿನಾಚೆಯದನ್ನು ಪ್ರಾಮಾಣಿಕವಾಗಿ ತುಂಬಲು ಸಾಧ್ಯವೇ ಇಲ್ಲವೆಂದಲ್ಲ. ಆಮ್‌ಸ್ಟರ್‌ಡ್ಯಾಮಿನ ರೈಕ್ಸ್ ಮ್ಯೂಸಿಯಂ ಮಾಡಿದ ಕೆಲಸ ಅದಕ್ಕೆ ಒಳ್ಳೆಯ ನಿದರ್ಶನ. ರೆಂಬ್ರಾಂಟ್ 1642ರಲ್ಲಿ ಮುಗಿಸಿದ ‘ನೈಟ್ ವಾಚ್’ ಎಂಬ ದೊಡ್ಡ ಚಿತ್ರವನ್ನು 1715ರಲ್ಲಿ ಪುರಭವನಕ್ಕೆ ಸಾಗಿಸಿದರು. ಅಲ್ಲಿನ ಗೋಡೆಗೆ ಅದು ಹಿಡಿಸಲಿಲ್ಲವೆಂದು ನಾಲ್ಕೂ ಕಡೆ ಕತ್ತರಿಸಿಬಿಟ್ಟರು. ಎಡಗಡೆಯೊಂದರಲ್ಲೇ ಸುಮಾರು 60 ಸೆಂಟಿಮೀಟರ್ ಹೋಯಿತು, ಅದರೊಂದಿಗೆ ಅಲ್ಲಿ ನಿಂತಿದ್ದ ಜನರೂ ಹೋದರು. ಕತ್ತರಿಸಿದ ಚೂರುಗಳು ಸಿಕ್ಕಿಲ್ಲ. ಆದರೆ ಕತ್ತರಿಸುವ ಮುಂಚೆಯೇ ಖೆರಿಟ್ ಲುಂಡೆನ್ಸ್ ಎಂಬ ಕಲಾವಿದ ಇಡೀ ಚಿತ್ರದ ಸಣ್ಣ ಪ್ರತಿಯೊಂದನ್ನು ಬರೆದಿಟ್ಟಿದ್ದ. 2021ರಲ್ಲಿ ಮ್ಯೂಸಿಯಮ್ಮಿನ ವಿಜ್ಞಾನಿ ರಾಬರ್ಟ್ ಎರ್ಡ್‌ಮನ್ ತಂಡ ಆ ಪ್ರತಿಯನ್ನು ಆಧಾರವಾಗಿ ಹಿಡಿದು, ರೆಂಬ್ರಾಂಟನ ಬಣ್ಣ ಮತ್ತು ಕೈಬರಹದ ರೀತಿಯನ್ನು ಕಂಪ್ಯೂಟರಿಗೆ ಕಲಿಸಿ, ಕಳೆದುಹೋದ ನಾಲ್ಕೂ ಪಟ್ಟಿಗಳನ್ನು ಮುದ್ರಿಸಿ ಮೂಲದ ಸುತ್ತ ಜೋಡಿಸಿತು. ಅಲ್ಲಿ ಯಾರು ನಿಂತಿದ್ದರು ಎಂಬುದನ್ನು ಯಂತ್ರ ಊಹಿಸಲಿಲ್ಲ, ಲುಂಡೆನ್ಸ್ ಹೇಳಿದ. ಹೇಗೆ ಬರೆದಿರಬಹುದು ಎಂಬುದಷ್ಟೇ ಊಹೆ. ಪಟ್ಟಿಗಳನ್ನು ಮೂಲ ಬಟ್ಟೆಗೆ ಅಂಟಿಸಲಿಲ್ಲ. ಕೆಲವು ತಿಂಗಳು ಪ್ರದರ್ಶಿಸಿ ತೆಗೆದಿಟ್ಟರು. ಮೂಲ ಎಷ್ಟು, ಸೇರಿಸಿದ್ದು ಎಷ್ಟು ಎಂಬುದು ನೋಡಿದ ಪ್ರತಿಯೊಬ್ಬರಿಗೂ ಗೊತ್ತಿತ್ತು.

ಅಜ್ಜಿಯ ಫೋಟೊಗೂ ಇದೇ ರೀತಿ ಮಾಡಲು ಬರುತ್ತದೆ. ಆ ಜಗಲಿಯ ಬಲಗಡೆ ಏನಿದೆ ಎಂದು ತೋರಿಸುವ ಇನ್ನೊಂದು ಫೋಟೊ ಮನೆಯಲ್ಲಿ ಇದ್ದರೆ ಮೊದಲು ಅದನ್ನು ಹುಡುಕಿ. ಮನೆ ಇನ್ನೂ ಇದ್ದರೆ ಅದೇ ಹೊತ್ತಿನ ಬೆಳಕಿನಲ್ಲಿ ಹೋಗಿ ಆ ಗೋಡೆಯನ್ನೇ ತೆಗೆದು ತನ್ನಿ. ಎರಡು ಫೋಟೊಗಳನ್ನು ಬೆಸೆಯುವಾಗ ಯಂತ್ರದ ಕೆಲಸ ಬೆಸುಗೆಯ ಗೆರೆಯನ್ನು ಮುಚ್ಚುವುದಕ್ಕೆ ಸೀಮಿತವಾಗುತ್ತದೆ. ಗೋಡೆಯೂ ನಿಮ್ಮದೇ, ಅದರ ಮೇಲಿನ ಮೊಳೆಯೂ ನಿಮ್ಮದೇ.

ಸುದ್ದಿಚಿತ್ರಗಳ ವಿಷಯದಲ್ಲಿ ಇಷ್ಟು ವಿನಾಯಿತಿಯೂ ಇಲ್ಲ. ಅಸೋಸಿಯೇಟೆಡ್ ಪ್ರೆಸ್ 2023ರಲ್ಲೇ ತನ್ನ ಸಿಬ್ಬಂದಿಗೆ, ಇಂಥ ತಂತ್ರಾಂಶ ಬಳಸಿ ಫೋಟೊಗೆ ಏನನ್ನೂ ಸೇರಿಸಬಾರದು, ಅದರಿಂದ ಏನನ್ನೂ ತೆಗೆಯಬಾರದು ಎಂದು ನಿಯಮ ಮಾಡಿತು. ಬರೀ ಆಕಾಶವಾದರೂ ಸೇರಿಸುವಂತಿಲ್ಲ. ಕೆರೆ ಒತ್ತುವರಿಯ ಫೋಟೊಗೆ ಪಕ್ಕದಲ್ಲಿ ಇನ್ನಷ್ಟು ನೀರು ಸೇರಿದರೆ, ಸಭೆಯ ಫೋಟೊಗೆ ಇನ್ನೊಂದಿಷ್ಟು ಜನ ಸೇರಿದರೆ ಸುದ್ದಿಯೇ ಸುಳ್ಳಾಗುತ್ತದೆ. ಜಾಗ ಸಾಲದಿದ್ದರೆ ಪುಟದ ವಿನ್ಯಾಸ ಬದಲಿಸಬೇಕು.

ಕೆಲವು ತಂತ್ರಾಂಶಗಳು ತಿದ್ದಿದ ಫೋಟೊದ ಕಡತದೊಳಗೆ ಒಂದು ಗುರುತನ್ನು ಬರೆದಿಡುತ್ತವೆ, ಕೆಲವು ಮೊಬೈಲುಗಳು ಮೂಲೆಯಲ್ಲಿ ಸಣ್ಣ ಚಿಹ್ನೆ ಒತ್ತುತ್ತವೆ. ವಾಟ್ಸ್ಆ್ಯಪ್‌ನಲ್ಲಿ ಒಂದು ಸಲ ಕಳಿಸಿದರೆ, ಒಂದು ಸ್ಕ್ರೀನ್‌ಶಾಟ್ ತೆಗೆದರೆ ಕಡತದೊಳಗಿನ ಗುರುತು ಅಳಿದುಹೋಗುತ್ತದೆ. ಮೂಲೆಯ ಚಿಹ್ನೆಯನ್ನು ಯಾರಾದರೂ ಕತ್ತರಿಸಬಹುದು. ಆದ್ದರಿಂದ ಇದನ್ನು ಯಂತ್ರಕ್ಕೆ ಬಿಡದೆ ಮನೆಯವರೇ ನೋಡಿಕೊಳ್ಳಬೇಕು. ಆಲ್ಬಂ ಮಾಡಿಸುವಾಗ ಸ್ಟುಡಿಯೊದಿಂದ ಹಿಗ್ಗಿಸಿದ ಫೋಟೊದ ಜೊತೆಗೆ ಮೂಲ ಕಡತವನ್ನೂ ಕೇಳಿ ಪಡೆಯಿರಿ, ಎರಡನ್ನೂ ಬೇರೆಬೇರೆ ಹೆಸರಿನಲ್ಲಿ ಉಳಿಸಿ. ಮುದ್ರಿಸಿದ ಪ್ರತಿಯ ಹಿಂದೆ ಪೆನ್ಸಿಲಿನಲ್ಲಿ ಒಂದು ಸಾಲು ಬರೆದಿಡಿ: ಊರು, ವರ್ಷ, ಯಾರು, ಮತ್ತು ‘ಬಲಗಡೆಯ 3 ಇಂಚು ಸೇರಿಸಿದ್ದು’.